ಶುಕ್ರವಾರ ಸಿಗುವುದಿಲ್ಲ ಎಂದು ಬರೆದದ್ದು

ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯ ಆಫೀಸಿನಲ್ಲಿ ನನಗೆ ಕೆಲಸ. ಶಿವಮೊಗ್ಗದ ಅಕ್ಕಿ ಗಿರಣಿಯ ಒಡತಿಯೊಬ್ಬರಿಗೆ ಶುಕ್ರವಾರ ಕೊಡಬೇಕಿದ್ದ ಗೇರ್ ಚಕ್ರದ ಎರಕದಲ್ಲಿ ಗುಳ್ಳೆ ಬಿದ್ದಿತ್ತು. ಮತ್ತೆ ಎರಕ ಹೊಯ್ದು ಹಲ್ಲು ಕೊರೆಯುವಷ್ಟರಲ್ಲಿ ಮಂಗಳವಾರವಾಗುತ್ತಿತ್ತು.

“‘ಕೆಲಸ ನಡೀತಿದೆ’ ಅಂತ ಒಂದು ಮೇಲ್ ಹಾಕಿಬಿಡಮ್ಮ,” ಎಂದರು ಮಾಲೀಕರು.

ನನಗೆ ಮೈಯೆಲ್ಲ ಉರಿಯಿತು. “ಅವ್ರ ಗಿರಣಿ ನಿಂತಿದೆ ಸರ್. ಶುಕ್ರವಾರ ಬರುತ್ತೆ ಅಂತ ಕಾಯ್ತಾ ಕೂತಿರ್ತಾರೆ. ಹಾಗೆ ನಾನು ಬರೆಯಲ್ಲ.”

“ಆರ್ಡರ್ ಹೋದ್ರೆ ನೀನು ತರ್ತೀಯಾ?” ಎಂದು ಗದರಿದರು. ಕೊನೆಗೆ, “ಏನಾದ್ರೂ ಮಾಡ್ಕೋ,” ಎಂದು ಎದ್ದುಹೋದರು.

ನಾನು ಬರೆದೆ: “ನಿಮ್ಮ ಗೇರ್ ಶುಕ್ರವಾರ ಸಿಗುವುದಿಲ್ಲ. ಎರಕ ಕೆಟ್ಟಿದೆ, ತಪ್ಪು ನಮ್ಮದು. ಮಂಗಳವಾರ ಸಂಜೆ ತಲುಪಿಸುತ್ತೇವೆ. ಗಿರಣಿ ನಿಂತು ನಿಮಗಾಗುತ್ತಿರುವ ತೊಂದರೆ ನಮಗೆ ಗೊತ್ತಿದೆ, ಕ್ಷಮಿಸಿ. ಅಲ್ಲಿಯವರೆಗೆ ದಯವಿಟ್ಟು ಬೇರೆ ಏರ್ಪಾಡು ಮಾಡಿಕೊಳ್ಳಿ.”

ಅರ್ಧ ಗಂಟೆಯಲ್ಲಿ ಒಡತಿಯ ಫೋನ್ ಬಂತು. ಚೆನ್ನಾಗಿಯೇ ಬೈದರು. ಆಮೇಲೆ, “ಈಗ್ಲೇ ಹೇಳಿದ್ರಲ್ಲ, ಭತ್ತ ಬೇರೆ ಗಿರಣಿಗೆ ಕಳಿಸ್ತೀನಿ. ಮಂಗಳವಾರ ಮಾತ್ರ ತಪ್ಪಿಸ್ಬೇಡಿ ಮಾರಾಯ್ತಿ,” ಎಂದರು.

ಇದನ್ನು ಕೇಳಿದ ಮಾಲೀಕರು, “ನೋಡು, ಆರ್ಡರ್ ಉಳೀತು,” ಎಂದು ತಮ್ಮದೇ ಜಾಣತನವೆಂಬಂತೆ ನಕ್ಕರು. ಆ ನಗು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.