ಒಂಬತ್ತೂವರೆಗೆ ಮುಂಚಿನ ನಂಬರು

ಘಾಟ್ಕೋಪರಿನ ಕಣ್ಣಿನ ಡಾಕ್ಟರು ಕೇಶವಮೂರ್ತಿಯವರ ಕ್ಲಿನಿಕ್ಕಿಗೆ ೧೯೯೧ರಲ್ಲಿ ಆನ್ಸರಿಂಗ್ ಮಷೀನು ಬಂತು. ರಾತ್ರಿಯಿಂದ ಬೆಳಗಿನವರೆಗೆ ಬಂದ ಕರೆಗಳನ್ನು ಅದು ಕ್ಯಾಸೆಟ್ಟಿನಲ್ಲಿ ಹಿಡಿದಿಡುತ್ತಿತ್ತು. ಬೆಳಿಗ್ಗೆ ಟೈಪಿಸ್ಟ್ ಮೋಹಿನಿ ಅದನ್ನು ಕೇಳಿ ಟೈಪು ಮಾಡುವಳು. ಪಂಕಜಾ ಆ ಹಾಳೆ ಓದಿ, ಯಾರು, ಯಾಕೆ, ಎಷ್ಟು ತುರ್ತು ಎಂದು ಗೆರೆ ಎಳೆದು, ತಿರುಗಿ ಫೋನು ಮಾಡಬೇಕಾದವರ ಪಟ್ಟಿ ಮಾಡುವಳು. ಮೈಸೂರಿನಿಂದ ಮದುವೆಯಾಗಿ ಬಂದ ಪಂಕಜಾಗೆ ಈ ಊರಿನಲ್ಲಿ ತನ್ನದೆಂದು ಸಿಕ್ಕ ಕೆಲಸ ಅದು; ಅವಳ ಕೈ ತಡವರಿಸುತ್ತಿರಲಿಲ್ಲ.

ಆ ಗುರುವಾರ ಹದಿಮೂರು ಕರೆಗಳಿದ್ದವು. ಗಂಟೆ ಒಂಬತ್ತು ದಾಟಿತ್ತು.

"ಐದನೆಯದ್ದು ಮೇಲೆ ಹಾಕಿ ಅಕ್ಕ. ನಮ್ಮ ಕಟ್ಟಡದ ಸೊಸೈಟಿ ಸೆಕ್ರೆಟರಿ ಮೂರು ಸಲ ಅರ್ಜೆಂಟ್ ಅಂದಿದ್ದಾರೆ," ಎಂದಳು ಮೋಹಿನಿ.

"ಯಾಕಂತೆ?"

"ಕನ್ನಡಕದ ಫ್ರೇಮು."

"ಸಂಜೆಗೆ ಹಾಕ್ತೀನಿ. ಫ್ರೇಮು ಕುರುಡಾಗಲ್ಲ."

ಮೂರನೆಯದು ಅರ್ಧಕ್ಕೆ ನಿಂತಿತ್ತು. ಗ್ರಾಂಟ್ ರೋಡಿನ ಹೋಟೆಲಿನ ಅಡಿಗೆಯ ಚೆನ್ನಯ ನಮಸ್ಕಾರ ಹೇಳಿ, ಡಾಕ್ಟರ ಕ್ಷೇಮ ವಿಚಾರಿಸಿ, ಉತ್ತರಕ್ಕೆ ಕಾದು, ಕೊನೆಗೆ, "ಅಮ್ಮನ ಪೊರೆ ಆಪರೇಶನ್ ಆದ ಕಣ್ಣು ನಿನ್ನೆಯಿಂದ ನೋವು, ಕಾಣುದೂ ಕಮ್ಮಿ" ಎನ್ನುವಷ್ಟರಲ್ಲಿ ಮಷೀನಿನ ಮೂವತ್ತು ಸೆಕೆಂಡು ಮುಗಿದಿತ್ತು.

ಆಪರೇಶನ್ ಆದ ಕಣ್ಣಿಗೆ ನೋವು ಬಂದು ದೃಷ್ಟಿ ಇಳಿದರೆ ಮೊದಲು ನನಗೆ ಹೇಳಿ ಎಂಬುದು ಡಾಕ್ಟರ ಕಟ್ಟಪ್ಪಣೆ. ಪಂಕಜಾ ಚೆನ್ನಯನ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದಳು. ಆದರೆ ಅವನ ಮುದುಕಿ ತಾಯಿಯ ಕಾರ್ಡಿನಲ್ಲಿ ಚಾಳಿನ ವಿಳಾಸ ಮಾತ್ರ. ಫೋನಿನ ಜಾಗ ಖಾಲಿ.

"ನಂಬರೇ ಇಲ್ಲ ಅಕ್ಕ, ಎಲ್ಲಿಗೆ ಮಾಡುದು?" ಎಂದಳು ಮೋಹಿನಿ.

ಪಂಕಜಾಳ ಬೆರಳು ಹಾಳೆಯಲ್ಲಿ ಕೆಳಗಿಳಿದು ಒಂಬತ್ತನೆಯ ಕರೆಯ ಮೇಲೆ ನಿಂತಿತು. ಹೆಸರಿಲ್ಲ, ಕಾರಣವಿಲ್ಲ. 'ಆಗ ಮಾಡಿದವನೇ. ನಂಬರ್ ಬಿಟ್ಟುಹೋಯಿತು. ಇದು ಪಕ್ಕದ ಮನೆಯದ್ದು, ಅವರು ಒಂಬತ್ತೂವರೆಗೆ ಬೀಗ ಹಾಕಿ ಲೋಕಲ್ ಟ್ರೇನ್ ಹಿಡೀತಾರೆ.' ಕೆಳಗೆ ನಂಬರು.

"ಮೂರನೆಯದ್ದು, ಇದು, ಎರಡನ್ನೂ ಕೇಳಿಸು."

ಮೋಹಿನಿ ಟೇಪು ತಿರುಗಿಸಿದಳು. ಎರಡರಲ್ಲೂ ಒಂದೇ ದನಿ. ಗಂಟೆ ಒಂಬತ್ತು ಇಪ್ಪತ್ತಾರು. ಪಂಕಜಾ ಡಯಲ್ ತಿರುಗಿಸಿದಳು. ಎತ್ತಿದ ಹೆಂಗಸು ಆಗಲೇ ಹೊರಡಲು ಚಪ್ಪಲಿ ಹಾಕಿಕೊಂಡಿದ್ದಳಂತೆ. ಗೊಣಗುತ್ತಲೇ ಚೆನ್ನಯನನ್ನು ಕೂಗಿ ಕರೆದಳು.

"ನಾಳೆ ಶುಕ್ರವಾರದ ಚೆಕಪ್ಪಿಗೇ ಬರುವಾ ಅಂತಿದ್ದೆವು," ಎಂದ ಚೆನ್ನಯ.

"ನಾಳೆ ಬೇಡ ಚೆನ್ನಯ, ಈಗಲೇ ಟ್ಯಾಕ್ಸಿ ಹತ್ತಿಸಿ. ತಡೀರಿ, ಡಾಕ್ಟ್ರು ಮಾತಾಡ್ತಾರೆ."

ಕಣ್ಣಿನೊಳಗೆ ಸೋಂಕು ಶುರುವಾಗಿತ್ತು. ಮಧ್ಯಾಹ್ನದೊಳಗೆ ಡಾಕ್ಟರು ಕಣ್ಣಿಗೆ ಔಷಧಿ ಚುಚ್ಚಿದರು. ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದಷ್ಟೇ ಹೇಳಿ ಒಳಗೆ ಹೋದರು. ಪಂಕಜಾ ಪಟ್ಟಿಯ ಮುಂದಿನ ಹೆಸರಿನ ನಂಬರು ತಿರುಗಿಸಿದಳು.

ಹನ್ನೊಂದನೆಯ ದಿನ ಡಾಕ್ಟರು ಮುದುಕಿಯ ಇನ್ನೊಂದು ಕಣ್ಣು ಮುಚ್ಚಿ ಬೆರಳು ತೋರಿಸಿ, ಎಷ್ಟು ಎಂದು ಕೇಳಿದರು.

"ಎರಡು," ಎಂದಳು ಮುದುಕಿ. "ಉಗುರು ಉದ್ದ ಆಗಿದೆ, ತೆಗೀಬೇಕು ನೀವು."