ಅವ್ವನ ಕೂದಲಿನ ಬಣ್ಣ

ಅಪ್ಪ ಅವ್ವನನ್ನು ಗುರುತಿಸುವುದನ್ನು ನಿಲ್ಲಿಸಿದ್ದು ಅವಳ ತಲೆ ಬೆಳ್ಳಗಾದ ಮೇಲೆ ಎಂದು ಅಕ್ಕ ನಂಬಿದ್ದಳು. ನನಗೆ ನಂಬಿಕೆಯಿರಲಿಲ್ಲ. ಮರೆವಿನ ಕಾಯಿಲೆಗೂ ಕೂದಲಿಗೂ ಏನು ಸಂಬಂಧ? ಆದರೆ ಅಪ್ಪ ಅವಳ ಕೈಯ ತುತ್ತು ಮುಟ್ಟದೆ, "ಈ ಮುದುಕಿ ಯಾರು? ನಮ್ಮಾಕಿ ಎಲ್ಲಿ ಹೋದ್ಲು?" ಎನ್ನುತ್ತಿದ್ದ. ಅಫಜಲಪುರದಿಂದ ನಾನು ಬಂದಾಗ, ಅವ್ವ ಆಳಂದದ ಅಕ್ಕನ ಪಾರ್ಲರಿನ ಕುರ್ಚಿಯಲ್ಲಿ ಕೂತಿದ್ದಳು. ಅಪ್ಪ ಪಾರ್ಲರಿಗೆ ಹಿಂದೆಯೇ ಅಂಟಿಕೊಂಡಿದ್ದ ಮನೆಯಲ್ಲಿದ್ದ.

ಅಕ್ಕ ಬಾಚಣಿಗೆಯ ತುದಿಯಿಂದ ಬೈತಲೆ ಬೈತಲೆಯಾಗಿ ಸೀಳಿ ನೋಡಿದಳು.

"ನನ್ನ ತಲಿ ಏನ್ ಹೊಲಾನ ಬೇ, ಹಿಂಗ ಅಳೆಯಾಕತ್ತಿ?" ಎಂದಳು ಅವ್ವ.

"ಸುಮ್ಕ ಕೂಡಬೇ. ಮುಂದ, ಕಣತಲಿಗೆ ನೂರಕ್ಕ ಎಂಬತ್ತು ಬೆಳ್ಳಗದ. ನೆತ್ತಿ ಮ್ಯಾಲ ಅರ್ಧ. ಹಿಂದ ಕುತ್ತಿಗಿ ಹತ್ರ ಕಾಲು ಭಾಗನೂ ಇಲ್ಲ." ನನ್ನ ಕಡೆ ತಿರುಗಿದಳು. "ಅಪ್ಪಗ ಗುರ್ತು ಸಿಗಬೇಕಂದ್ರ ಮೊದಲಿನ ಬಣ್ಣನೇ ಬೇಕು. ಆಗ ಯಾವ ಬಣ್ಣ ಇತ್ತೋ ತಮ್ಮಾ?"

ಚೌಡಾಪುರದ ಬಸ್ ನಿಲ್ದಾಣದ ಬಿಸಿಲಲ್ಲಿ ನಗುತ್ತಿದ್ದ ಅವ್ವ ನೆನಪಾದಳು. ಕಂದು, ಒಳಗೆ ಕೆಂಪು. ಹಾಗೆಂದೆ.

"ಮೆಹಂದಿ ಹಚ್ಚತಿದ್ಲು. ಬಿಳಿ ಎಳಿ ಅಷ್ಟ ಕೆಂಪಾಗತಿದ್ವು, ಉಳಿದದ್ದು ಕರಿ," ಎಂದಳು ಅಕ್ಕ.

"ಇಲ್ಲ, ಎಲ್ಲ ಒಂದೇ ಬಣ್ಣ."

ನಾನು ಕಂಡದ್ದು ಕೂದಲೋ ಬಿಸಿಲೋ, ಈಗ ಹೇಳಲಾರೆ. ಆಗ ಗಟ್ಟಿಯಾಗಿಯೇ ಹೇಳಿದೆ. ಅಕ್ಕ ಒಪ್ಪಿದಳು.

ಅವಳು ಮೂರು ಬಟ್ಟಲಲ್ಲಿ ಎರಡು ಬಣ್ಣ ಬೆರೆಸಿ ಕಲಸಿದಳು. ಎರಡರ ಗಾಢತೆಯೂ ಒಂದೇ. ಒಂದು ಬರೀ ಕಂದು, ಇನ್ನೊಂದು ಮೆರುಗಿಗಷ್ಟೇ ಹಚ್ಚುವ ಕೆಂಪು ಮಿಶ್ರಿತ ಫ್ಯಾಷನ್ ಬಣ್ಣ. ಮುಂದಿನ ಭಾಗಕ್ಕೆ ಮೂರು ಪಾಲು ಕಂದು, ಒಂದು ಪಾಲು ಕೆಂಪು. ನೆತ್ತಿಗೆ ಸಮ ಸಮ. ಹಿಂದಕ್ಕೆ ಒಂದು ಪಾಲು ಕಂದು, ಮೂರು ಪಾಲು ಕೆಂಪು.

"ಬರೀ ಕೆಂಪು ಹಚ್ಚಿದ್ರ ಬಿಳಿ ಕೂದಲು ಮುಚ್ಚಂಗಿಲ್ಲ, ಕೆಂಡದಂಗ ಹೊಳೀತದ. ಕಂದು ತಳ ಕೊಡ್ತದ," ಎಂದಳು.

ಬಿಳಿ ಹೆಚ್ಚಿದ್ದ ಕಡೆಗೇ ಮೊದಲು ಹಚ್ಚಿದಳು. ಬಣ್ಣ ಪೂರಾ ಹಿಡಿಯುವಷ್ಟು ಹೊತ್ತು ಬಿಟ್ಟು ತೊಳೆದಳು. ಒಣಗಿದಾಗ ನಾನು ಬೆರಗಾದೆ. ಎಲ್ಲಿಯೂ ಗೆರೆಯಿಲ್ಲ, ತೇಪೆಯಿಲ್ಲ. ಕನ್ನಡಿ ನೋಡಿ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗ ಉಣ್ತಾನೇನೋ," ಎಂದು ರೊಟ್ಟಿ ಪಲ್ಯದ ತಟ್ಟೆ ಹಿಡಿದು ಒಳಗೆ ಹೋದಳು. ನಾವು ಬಾಗಿಲಲ್ಲಿ ನಿಂತೆವು.

ಅಪ್ಪ ತಲೆಯೆತ್ತಿ ತುಂಬ ಹೊತ್ತು ನೋಡಿದ. ಮುಖ ಅರಳಿತು. ಅಕ್ಕ ನನ್ನ ತೋಳು ಹಿಡಿದಳು.

"ಬರ್ರಿ, ಬರ್ರಿ, ಕೂಡ್ರಿ," ಎಂದ ಅಪ್ಪ. "ಯಾವ ಊರಿನವರ್ರಿ?"

ಅವ್ವ ಕುರ್ಚಿಯ ಅಂಚಿಗೆ ಕೂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆ ಬಣ್ಣವೆಲ್ಲ ಮುಚ್ಚಿಹೋಯಿತು.

"ಇಜೇರಿ ಊರಾಕಿ ರೀ," ಎಂದಳು.

"ಹೌದಾ? ನಮ್ಮಾಕಿದೂ ಇಜೇರಿನೇ ತವರು," ಎಂದ ಅಪ್ಪ ಖುಷಿಯಿಂದ. "ಕೂತಿರ್ರಿ, ಬರ್ತಾಳ. ಆಕಿ ಬಂದ ಮ್ಯಾಲೇ ಉಣ್ತೇನಿ."

ಅವ್ವ ಮಡಿಲಲ್ಲಿ ತಟ್ಟೆಯಿಟ್ಟುಕೊಂಡು ಅವನ ಜೊತೆ ಬಾಗಿಲನ್ನೇ ನೋಡುತ್ತ ಕಾದಳು.