ನಮ್ಮ ಮನೆಯಲ್ಲಿ ನಡೆಯುವುದಿಲ್ಲ

ಕುಡಿಯುವ ಪಾರ್ಟಿಗೆ ಬರುವುದಿಲ್ಲ ಎಂದು ಹೇಳುವುದು ಎರಡು ಮಾತಿನ ಕೆಲಸ. ನಾನು ಅದಕ್ಕೆ ಮೂರು ವರ್ಷ ತೆಗೆದುಕೊಂಡೆ. ಕಡೆಗೊಮ್ಮೆ ಬಾಯಿ ಬಿಟ್ಟಾಗ ಹೇಳಬಾರದ್ದನ್ನೂ ಸೇರಿಸಿ ಹೇಳಿದೆ.

ನಾನಿರುವುದು ಬಸವಕಲ್ಯಾಣದಲ್ಲಿ, ಕೆಲಸ ಹುಮನಾಬಾದಿನ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ. ದಿನವೂ ಬೈಕಿನ ಮೇಲೆ ಹೋಗಿ ಬರುತ್ತೇನೆ. ರಾಜೇಶ್ವರ, ಕೊಹಿನೂರದ ಕಡೆಯ ರೈತರಿಗೆ ತೊಗರಿ, ಸೋಯಾ ಬೀಜದ ತಳಿಗಳನ್ನು ತೋರಿಸಿ ಒಪ್ಪಿಸುವುದು ನನ್ನ ಪಾಲಿನ ಕೆಲಸ. ನಾವು ಒಟ್ಟು ಆರು ಜನ: ಮ್ಯಾನೇಜರ್ ಸಾಹೇಬರು, ನಾನೂ ಸೇರಿ ಊರೂರು ತಿರುಗುವ ನಾಲ್ವರು, ಮತ್ತೆ ಗೋದಾಮು ನೋಡಿಕೊಳ್ಳುವ ಅಣ್ಣ. ಅಣ್ಣ ಅಂದರೆ ಒಡಹುಟ್ಟಿದವರಲ್ಲ. ನನಗಿಂತ ಹತ್ತು ವರ್ಷ ದೊಡ್ಡವರು ಎಂದು ಹಾಗೆ ಕರೆಯುತ್ತೇನೆ. ಅವರದು ಹುಮನಾಬಾದಿನ ಪಕ್ಕದ ಹುಡಗಿ ಗ್ರಾಮ, ದಲಿತರ ಓಣಿಯಲ್ಲಿ ಬೌದ್ಧರ ಮನೆ. ಅವರ ತಂದೆ-ತಾಯಿ ಬೇರೆಯವರ ಹೊಲದಲ್ಲಿ ದುಡಿದವರು.

ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗವಿದೆ. ಬೆಳಿಗ್ಗೆ ಸ್ನಾನವಾಗಿ, ಲಿಂಗಪೂಜೆ ಮುಗಿಯದೆ ನಮ್ಮ ತಂದೆ ಚಹಾ ಸಹ ಕುಡಿಯುವುದಿಲ್ಲ. ನಾನು ಅಷ್ಟು ಕಟ್ಟುನಿಟ್ಟಿನವನಲ್ಲ, ಆದರೆ ಹೆಂಡ ಮತ್ತು ಮಾಂಸ ಮುಟ್ಟಿದವನಲ್ಲ, ಮುಟ್ಟುವ ಮನಸ್ಸೂ ಇಲ್ಲ. ಇದನ್ನು ಹೀಗೆಯೇ ಹೇಳಿಬಿಟ್ಟಿದ್ದರೆ ಅಂಗಡಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನು ಹೇಳಲಿಲ್ಲ. ಮೊದಲ ವರ್ಷ ಅತ್ತೆಗೆ ಜ್ವರ ಬಂತು. ಎರಡನೆಯ ವರ್ಷ ಭಾಲ್ಕಿಯಲ್ಲಿ ಯಾರದೋ ಮದುವೆ. ಮೂರನೆಯ ಸಲ ನನ್ನ ಹಲ್ಲು ನೋವು. ಹಲ್ಲು ನೋವು ಎಂದವನು ಮರುದಿನ ಎಲ್ಲರ ಎದುರಿಗೆ ಹುರಿದ ಶೇಂಗಾ ತಿನ್ನುತ್ತ ನಿಂತಿದ್ದೆ. ಸಾಹೇಬರು ನೋಡಿ ನಕ್ಕರು.

ನಮ್ಮಲ್ಲಿ ದೊಡ್ಡ ಪಾರ್ಟಿ ಆಗುವುದು ಶ್ರಾವಣ ಹಿಡಿಯುವ ಮುಂಚಿನ ಭಾನುವಾರ. ಬಿತ್ತನೆಯ ಗದ್ದಲ ಅಷ್ಟೊತ್ತಿಗೆ ಮುಗಿದಿರುತ್ತದೆ. ಶ್ರಾವಣ ಬಂತೆಂದರೆ ನಮ್ಮವರಲ್ಲಿ ಮೂವರು ಇಡೀ ತಿಂಗಳು ಎಣ್ಣೆಯನ್ನೂ ಮಟನ್ನನ್ನೂ ಬಿಡುತ್ತಾರೆ. ಹಾಗಾಗಿ ಬಿಡುವುದಕ್ಕೆ ಮೊದಲು ಒಮ್ಮೆ ಹೊಟ್ಟೆ ತುಂಬ. ಈ ಸಲ ರಾಜೇಶ್ವರದ ಹತ್ತಿರ ಸಾಹೇಬರ ಭಾವನ ಹೊಲದಲ್ಲಿ ಎಂದು ವಾಟ್ಸಾಪ್ ಗುಂಪಿನಲ್ಲಿ ಬಂತು. "ಸಂಡೇ ಹನ್ನೊಂದಕ್ಕ. ಪೂರಾ ಬಂದೋಬಸ್ತ್ ಅದ. ಯಾರೂ ನೆಪಾ ಹೇಳೋ ಹಂಗಿಲ್ಲ." ಕೊನೆಯ ಮಾತು ಯಾರಿಗೆ ಎಂದು ಎಲ್ಲರಿಗೂ ಗೊತ್ತಿತ್ತು.

ಸುಳ್ಳು ಸಾಕಾಗಿತ್ತು. ಈ ಸಲ ನಿಜವನ್ನೇ ಹೇಳುತ್ತೇನೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡು ಹೊರಟೆ. ಇಪ್ಪತ್ತೆಂಟು ಕಿಲೋಮೀಟರ್ ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಹೋದೆ. ನಿಜ ಹೇಳುವುದಕ್ಕೆ ಅಷ್ಟೊಂದು ತಯಾರಿ ಬೇಕಿರಲಿಲ್ಲ. ತಯಾರಿ ಮಾಡಿದ್ದರಿಂದಲೇ ಅದು ಭಾಷಣವಾಯಿತು.

ಗೋದಾಮಿನಲ್ಲಿ ಎಲ್ಲರೂ ಇದ್ದರು. ಅಣ್ಣ ಒಡೆದ ಚೀಲವೊಂದಕ್ಕೆ ಹೊಲಿಗೆ ಹಾಕುತ್ತಿದ್ದರು. ಸಾಹೇಬರು, "ಏನಪಾ, ಸಂಡೇ ಬರ್ತಿಯಲ್ಲ?" ಎಂದರು.

"ಇಲ್ರಿ ಸಾಹೇಬ್ರ. ನಾ ಲಿಂಗಾ ಕಟ್ಕೊಂಡಾಂವ. ಕುಡಿಯೋ ಜಾಗಾದಾಗ ಕೂಡಂಗಿಲ್ರಿ."

"ಕುಡೀಬ್ಯಾಡ. ನಿನಗ ಯಾರ್ ಒತ್ತಾಯ ಮಾಡಾಕತ್ತಾರ? ಬಂದು ಉಂಡು ಹೋಗು. ಈ ಅಣ್ಣ ಬರಂಗಿಲ್ಲೇನು ಎಲ್ಲರ ಜೋಡಿ?"

ಇಲ್ಲಿ ನಾನು ಸುಮ್ಮನಾಗಬೇಕಿತ್ತು. 'ಆಯ್ತ್ರಿ, ಊಟಕ್ಕ ಬರ್ತೀನಿ' ಅಂದಿದ್ದರೂ ಆಗುತ್ತಿತ್ತು, 'ಬ್ಯಾಡ್ರಿ' ಅಂದಿದ್ದರೂ ಆಗುತ್ತಿತ್ತು. ಆದರೆ ನನ್ನ ಬಾಯಿ ಕೇಳಬೇಕಲ್ಲ.

"ಅವರ ಮಾತು ಬ್ಯಾರೆ ಬಿಡ್ರಿ. ಅವರ ಮನ್ಯಾಗ ನಡೀತದ. ನಮ್ಮ ಮನ್ಯಾಗ ನಡಿಯಂಗಿಲ್ಲ."

ಅಣ್ಣ ತಲೆ ಎತ್ತಲಿಲ್ಲ. ಚೀಲದ ಬಾಯಿ ಬಿಗಿದು, ದಾರ ಹರಿದು, "ಹೌದು, ಬ್ಯಾರೆ ಅದ" ಎಂದರು. ಆಮೇಲೆ ಚೀಲ ಹೊತ್ತುಕೊಂಡು ಒಳಗೆ ಹೋದರು. ನನಗೆ ಆಗ ಅನ್ನಿಸಿದ್ದೇನು ಗೊತ್ತೇ? ಕಡೆಗೂ ಧೈರ್ಯವಾಗಿ ಹೇಳಿದೆ ಎಂಬ ಹೆಮ್ಮೆ. ಅದನ್ನು ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಭಾನುವಾರ ಮನೆಯಲ್ಲಿ ಕೂತಿದ್ದೆ. ಎರಡು ಗಂಟೆಗೆ ಸಾಹೇಬರ ಫೋನ್. "ನಿನಗಂತ ಬ್ಯಾರೆ ಅಡಗಿ ಮಾಡ್ಯಾರ. ಬಂದು ಉಂಡು ಹೋಗು." ಹೋಗುವುದೋ ಬೇಡವೋ ಎಂದು ನಾನು ಒಳಗೆ ಹೊರಗೆ ಓಡಾಡುವುದನ್ನು ನೋಡಿ ಹೆಂಡತಿ, "ಕರದಾರಂದ್ರ ಹೋಗಿ ಬರ್ರಿ. ಅವರು ಕುಡದ್ರ ನಿಮ್ಮ ಲಿಂಗಾ ಕರಗ್ತದೇನು?" ಎಂದಳು.

ಹೊಲದಲ್ಲಿ ಬೇವಿನ ಮರದ ಕೆಳಗೆ ಜಮಖಾನೆ ಹಾಸಿದ್ದರು. ಬಾಟಲಿಗಳು, ಸೋಡಾ, ಹೆಚ್ಚಿದ ಸೌತೆಕಾಯಿ, ಮಧ್ಯದಲ್ಲಿ ಮಟನ್ನಿನ ಪಾತ್ರೆ. ನಾನು ಅಂದುಕೊಂಡಿದ್ದ ಹಾಗೆ ಯಾರೂ ಬಿದ್ದು ಹೊರಳಾಡುತ್ತಿರಲಿಲ್ಲ. ಒಬ್ಬ ಮಗನ ಶಾಲೆಯ ಸುದ್ದಿ ಹೇಳುತ್ತಿದ್ದ, ಉಳಿದವರು ಕೇಳುತ್ತಿದ್ದರು. ಅಲ್ಲಿಂದ ಸ್ವಲ್ಪ ದೂರ, ಬಾವಿಯ ಪಕ್ಕದಲ್ಲಿ ಮೂರು ಕಲ್ಲಿನ ಬೇರೆ ಒಲೆ. ಅದರ ಮುಂದೆ ಅಣ್ಣ ಕೂತಿದ್ದರು. ಬೇಳೆ, ಬದನೆಕಾಯಿ ಪಲ್ಯ, ಮನೆಯಿಂದ ತಂದ ಜೋಳದ ರೊಟ್ಟಿ. "ಮಟನ್ ಭಾಂಡಿ ಇದಕ್ಕ ತಾಕ್ಸಿಲ್ಲ. ಸೌಟೂ ಬ್ಯಾರೆ ಅದ. ನಿಶ್ಚಿಂತಿ ಉಣ್ಣು" ಎಂದರು.

ನಾನು ಜಮಖಾನೆಯ ಅಂಚಿನಲ್ಲಿ ಕೂತೆ. ಕೂತಿದ್ದೇ ತಡ, ನಮ್ಮಲ್ಲಿನ ಒಬ್ಬ ಗ್ಲಾಸು ಮುಂದೆ ಹಿಡಿದ. "ಬಿಯರ್ ತಗೋ. ಇದು ಎಣ್ಣಿ ಅಲ್ಲ, ಬಾರ್ಲಿ ನೀರು." ಮತ್ತೊಬ್ಬ, "ಸುಮ್ನ ಕೈಯಾಗ ಹಿಡ್ಕೋ, ಫೋಟೋ ತಗೀತೀನಿ" ಎಂದ. ನಾನು ಮತ್ತೆ ಭಾಷಣಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಬಂದು ನನ್ನ ಪಕ್ಕ ಕೂತು, ಮಜ್ಜಿಗೆ ತುಂಬಿದ ಎರಡು ಲೋಟ ಇಟ್ಟರು. ಒಂದು ನನಗೆ, ಒಂದು ತಮಗೆ.

"ಅವನಿಗೂ ಬ್ಯಾಡ, ನನಗೂ ಬ್ಯಾಡ. ಹಾಂ, ಮಗನ ಶಾಲಿದು ಎಲ್ಲಿಗಿ ಬಂತು, ಹೇಳು."

ಅಷ್ಟೇ. ಗ್ಲಾಸು ಹಿಂದೆ ಹೋಯಿತು, ಶಾಲೆಯ ಮಾತು ಮುಂದುವರಿಯಿತು. ಯಾರ ಮುಖವೂ ಸಣ್ಣದಾಗಲಿಲ್ಲ. ಮೂರು ವರ್ಷದಿಂದ ನನಗೆ ಬಾರದ ವಿದ್ಯೆಯನ್ನು ಅವರು ಎರಡು ಮಾತಿನಲ್ಲಿ ಮಾಡಿ ಮುಗಿಸಿದರು.

ನಾನು ಮೆಲ್ಲಗೆ, "ಅಣ್ಣ, ನೀವು ಕುಡಿಯಂಗಿಲ್ಲೇನ್ರಿ?" ಎಂದೆ. ಮೆಲ್ಲಗೆ ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಸಾಹೇಬರು ಗ್ಲಾಸು ಕೆಳಗಿಟ್ಟರು. "ಮೂರು ವರ್ಷ ಒಂದ ಗೋದಾಮಿನ್ಯಾಗ ಇದ್ದಿ, ಗೊತ್ತಿಲ್ಲೇನು? ಅಣ್ಣ ಬೌದ್ಧ ದೀಕ್ಷಾ ತಗೊಂಡು ಹನ್ನೊಂದು ವರ್ಷಾತು. ಪಂಚಶೀಲದಾಗ ಐದನೇದು ಅದ, ನಶಾ ಮುಟ್ಟಬಾರದು ಅಂತ. ನಾ ಮೊದಲ ಸಲ ಒತ್ತಾಯ ಮಾಡಿದಾಗ, 'ಮಾತು ಕೊಟ್ಟೀನ್ರಿ ಸಾಹೇಬ್ರ, ನೀವು ಕುಡೀರಿ, ನಾ ಗಾಡಿ ಹೊಡೀತೀನಿ' ಅಂದ. ಮತ್ತ ನಾ ಕೇಳಿಲ್ಲ."

ನಿಜವಾಗಿಯೂ ಗೊತ್ತಿರಲಿಲ್ಲ. ಯಾಕೆಂದರೆ ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ ಎನ್ನುವುದೂ ನನಗೆ ಗೊತ್ತು: ಅವರ ಓಣಿ ಯಾವುದು ಎಂದು ತಿಳಿದ ದಿನವೇ ಅವರು ಕುಡಿಯುತ್ತಾರೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಮೇಲು ಕೀಳು ಎನ್ನಬೇಡಿ ಎಂದು ಹೇಳಿದ ಶರಣರ ಊರಿನವನು ನಾನು. ಅವರು ಬಡಿಸಿದ ಬೇಳೆಯನ್ನು ತಲೆ ತಗ್ಗಿಸಿ ಉಂಡೆ, ರುಚಿಯಾಗಿತ್ತು.

ಊಟವಾದ ಮೇಲೆ ಅಣ್ಣ ಕುಡಿದವರ ಬೈಕಿನ ಕೀಲಿಗಳನ್ನು ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಕೊಡುವವರು ತಕರಾರಿಲ್ಲದೆ ಕೊಟ್ಟರು. ಎಲ್ಲರನ್ನೂ ಅಂಗಡಿಯ ಗಾಡಿಯಲ್ಲಿ ಮನೆ ಮುಟ್ಟಿಸುವುದು, ಬೈಕುಗಳನ್ನು ಮರುದಿನ ತರುವುದು ಅವರಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿಯಂತೆ. ಅಣ್ಣ ಬಾವಿಯ ಹತ್ತಿರ ಪಾತ್ರೆ ತೊಳೆಯುವಾಗ ನಾನು ಹೋಗಿ ಪಕ್ಕ ಕೂತೆ.

"ಅಣ್ಣ, ಅವತ್ತು ಗೋದಾಮಿನ್ಯಾಗ ನಾ ಅಂದದ್ದು ತಪ್ಪಾತ್ರಿ."

ಅವರು ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಲೇ ಇದ್ದರು. "ನನಗೇನಿಲ್ಲ ಬಿಡು. ಕೇಳಿ ಕೇಳಿ ರೂಢಿ ಆಗ್ಯದ. ಆದ್ರ ಅವತ್ತು ನಿಮ್ಮ ವೈನಿ ಬುತ್ತಿ ತಂದು ಬಾಗಲದಾಗ ನಿಂತಿದ್ಳು. ನೀ ನೋಡ್ಲಿಲ್ಲ. ಅಕಿ ಮನಿಗಿ ಹೋಗಿ ಒಂದ ಮಾತು ಕೇಳಿದ್ಳು: ನಮ್ಮ ಮನ್ಯಾಗ ಏನ್ ನಡೀತದ ಅಂತ ಅವರಿಗಿ ಹ್ಯಾಂಗ ಗೊತ್ತು? ಒಂದು ದಿನಾನೂ ಬಂದಿಲ್ಲಲ್ಲ."

ವೈನಿ, ಅಂದರೆ ಅಣ್ಣನ ಹೆಂಡತಿ, ಕೇಳಿದ್ದು ಸರಿ: ನಾನು ಹೋಗಿರಲಿಲ್ಲ. ಹುಮನಾಬಾದಿಗೆ ಅಷ್ಟು ಹತ್ತಿರದ ಊರು. ಅದೇ ಊರಿನ ಆಚೆಯ ಬದಿಯ ರೈತರ ಮನೆಗಳಲ್ಲಿ ಚಹಾ ಕುಡಿದು ಬಂದಿದ್ದೆ. ಅಣ್ಣ ಎರಡು ಸಲ ಕರೆದಿದ್ದರು. ಎರಡೂ ಸಲ ನೆಪ ಹೇಳಿದ್ದೆ, ಪಾರ್ಟಿಗೆ ಹೇಳುತ್ತಿದ್ದ ಹಾಗೆಯೇ.

ಸೋಮವಾರ ಎಲ್ಲರ ಎದುರಿಗೆ, ಅದೇ ಗೋದಾಮಿನಲ್ಲಿ, ನನ್ನ ಮಾತು ತಪ್ಪಾಗಿತ್ತು ಎಂದು ಹೇಳಿದೆ. "ನಾ ಕುಡಿಯಂಗಿಲ್ಲ ಅನ್ನೋದಷ್ಟ ನಾ ಹೇಳಬೇಕಿತ್ತು. ಬ್ಯಾರೆಯವರ ಮನಿ ಮಾತು ನನಗ ಬೇಕಿರಲಿಲ್ಲ" ಎಂದೆ. ಸಾಹೇಬರು, "ಆತು ಬಿಡು, ಲೋಡ್ ಬಂದದ, ಇಳಸ್ರಿ" ಎಂದರು. ಅಣ್ಣ ತಲೆಯಾಡಿಸಿದರು. ಆದರೆ ಬಾಗಿಲಲ್ಲಿ ನಿಂತು ಕೇಳಿದವರು ಅಲ್ಲಿರಲಿಲ್ಲ.

ಆದ್ದರಿಂದ ಮುಂದಿನ ಭಾನುವಾರ, ಹೆಂಡತಿಯನ್ನು ಕರೆದುಕೊಂಡು ಅಣ್ಣನ ಊರು ಹುಡಗಿಗೆ ಹೋದೆ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಚಿತ್ರ, ಸಾರಿಸಿದ ಅಂಗಳ. ವೈನಿ ನನ್ನ ಹೆಂಡತಿಯನ್ನು ಒಳಗೆ ಕರೆದರು, ನನ್ನನ್ನು ಚಾಪೆಯ ಮೇಲೆ ಕೂರಿಸಿದರು. ತಪ್ಪಾಯಿತು ಎಂದು ಅವರಿಗೂ ಹೇಳಿದೆ. "ಇರ್ಲಿ ಬಿಡ್ರಿ" ಎಂದು ಒಳಗೆ ಹೋಗಿ ಚಹಾ ತಂದರು.

ಕಪ್ಪು ನನ್ನ ಮುಂದೆ ಬಂತು. ನನ್ನ ಕೈ ಏಳಲಿಲ್ಲ. ಒಂದು ಗಳಿಗೆ, ಅದಕ್ಕಿಂತ ಹೆಚ್ಚಿಲ್ಲ. ಬರಬೇಕೆಂದು ನಾನೇ ಬಂದಿದ್ದೆ, ಕುಡಿಯಬಾರದು ಎಂದು ಯಾರೂ ಹೇಳಿರಲಿಲ್ಲ, ಹೊಲದಲ್ಲಿ ಅಣ್ಣನ ಅಡುಗೆ ಉಂಡೂ ಇದ್ದೆ, ಆದರೂ ಅವರ ಮನೆಯ ಕಪ್ಪಿಗೆ ಕೈ ತಡೆಯಿತು. ಎಷ್ಟು ವರ್ಷಗಳಿಂದ ಅದು ಹಾಗೆ ಕಲಿತಿತ್ತೋ.

ವೈನಿ ನೋಡಿದರು. ಕಪ್ಪನ್ನು ಹಿಂದೆ ತೆಗೆಯಲೂ ಇಲ್ಲ, ಮುಂದೆ ಚಾಚಲೂ ಇಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ. "ಬ್ಯಾಡಂದ್ರ ಬ್ಯಾಡ ಅನ್ರಿ. ನಾವು ತಪ್ಪು ತಿಳ್ಕೊಳಂಗಿಲ್ಲ."

ನಾನು ಎರಡೂ ಕೈಯಿಂದ ಕಪ್ಪು ತೆಗೆದುಕೊಂಡು ಕುಡಿದೆ. ಇನ್ನೊಂದು ಕಪ್ಪು ಕೇಳಿ ಕುಡಿದೆ. ಆದರೆ ಕೈ ತಡೆದದ್ದನ್ನು ವೈನಿ ಕಂಡಾಗಿತ್ತು.